‘ಇಲಿಗಳನ್ನು ರಾಂಡಮ್ ಆಗಿ ಐದು ಗುಂಪು ಮಾಡಲಾಯಿತು’: ಈ ಸಾಲಿಗೆ ಪರೀಕ್ಷಕರು ಕೆಂಪು ಗೆರೆ ಎಳೆದಿದ್ದಾರೆ

ಮುಠಾ_ತೀರ

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದವಳು, ಪುಣೆಗೆ ಬಂದು ಐದು ವರ್ಷವಾಯಿತು. ಫಾರ್ಮಕಾಲಜಿ ಪಿಎಚ್‌ಡಿ ಥೀಸಿಸ್ ಕೊನೆಯ ಹಂತದಲ್ಲಿದೆ. ಕರಡು ಓದಿದ ಪರೀಕ್ಷಕರು ಒಂದೇ ಸಾಲು ಬರೆದು ಕಳಿಸಿದ್ದಾರೆ: ‘ಪ್ರಾಣಿ ಪ್ರಯೋಗದ ಅಧ್ಯಾಯವನ್ನು ಅರೈವ್ 2.0 ಪ್ರಕಾರ ತಿದ್ದಿ.’ ಅರೈವ್ ಅಂದರೆ ಪ್ರಾಣಿ ಪ್ರಯೋಗವನ್ನು ಹೇಗೆ ವರದಿ ಮಾಡಬೇಕು ಅನ್ನುವ ಮಾರ್ಗಸೂಚಿ. ಜೊತೆಗೆ ಮೂರು ಕಡೆ ಕೆಂಪು ಗೆರೆ.

ಪ್ರಯೋಗ ದೊಡ್ಡದೇನಲ್ಲ. ವಿಸ್ಟಾರ್ ಇಲಿಗಳಲ್ಲಿ ಕ್ಯಾರಾಜೀನನ್ ಪಾದದ ಊತ. ಬಲ ಹಿಂಗಾಲಿಗೆ 1% ಕ್ಯಾರಾಜೀನನ್ 0.1 ಎಂಎಲ್. ಐದು ಗುಂಪು: ಔಷಧಿ ಇಲ್ಲದ ಬರೀ ಸಿಎಂಸಿ ದ್ರಾವಣ ಕೊಟ್ಟ ಕಂಟ್ರೋಲ್, ಇಂಡೊಮೆಥಾಸಿನ್ 10 ಮಿಗ್ರಾಂ/ಕೆಜಿ, ಮತ್ತೆ ನಮ್ಮ ಎಲೆಯ ಎಕ್ಸ್‌ಟ್ರಾಕ್ಟ್ 100, 200, 400. ಗುಂಪಿಗೆ ಆರು ಇಲಿ. ಪಾದ ಅದ್ದಿ ಅದರ ಗಾತ್ರ ಅಳೆಯುವ ಪ್ಲೆಥಿಸ್ಮೋಮೀಟರಿನಲ್ಲಿ 0 ಯಿಂದ 5 ಗಂಟೆವರೆಗೆ ಅಳತೆ.

ಗೆರೆ ಬಿದ್ದಿದ್ದು ಇಲ್ಲಿ. ಒಂದು, ‘ರಾಂಡಮ್ ಆಗಿ ಗುಂಪು ಮಾಡಲಾಯಿತು’. ಎರಡು, ‘ಗುಂಪಿಗೆ 6’. ಮೂರು, ಬ್ಲೈಂಡಿಂಗ್, ಅಂದರೆ ಯಾವ ಇಲಿ ಯಾವ ಗುಂಪು ಅಂತ ಕೆಲಸ ಮಾಡುವವರಿಗೆ ಗೊತ್ತಾಗದಂತೆ ಮಾಡುವುದು, ಅದರ ಬಗ್ಗೆ ಒಂದು ಅಕ್ಷರವೂ ಇಲ್ಲ.

ಪ್ರಯೋಗ ಮುಗಿದು ಒಂದೂವರೆ ವರ್ಷವಾಗಿದೆ. ಈಗ ಇದನ್ನು ಹೇಗೆ ಬರೆಯಬೇಕು? ನಮ್ಮ ಸೀನಿಯರ್ ಒಬ್ಬರು ‘ಕಂಪ್ಯೂಟರಿನಿಂದ ರಾಂಡಮ್ ಮಾಡಿದೆ ಅಂತ ಬರೆದುಬಿಡು, ಯಾರು ನೋಡ್ತಾರೆ’ ಅಂದರು. ಮನಸ್ಸು ಒಪ್ಪುತ್ತಿಲ್ಲ.

ಫೋಂಡಾ_ಮೇಷ್ಟ್ರು

ತಂಗೀ, ಇದಕ್ಕೆ ಇಷ್ಟು ಗಾಬರಿ ಯಾಕೆ? ನಾನು ಗೋವಾದಲ್ಲಿ ಹದಿನೆಂಟು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಗುಂಪಿಗೆ ಆರು ಅನ್ನುವುದು ಪ್ರಾಣಿ ಪ್ರಯೋಗಗಳನ್ನು ನೋಡಿಕೊಳ್ಳುವ ಸರ್ಕಾರಿ ಸಮಿತಿ ಸಿಸಿಎಸ್‌ಇಎ ಯ ನಿಯಮ, ಹಳೆಯ ಸಿಪಿಸಿಎಸ್‌ಇಎ ಕಾಲದಿಂದಲೂ ಇದೆ. ಅದನ್ನೇ ಬರೆಯಿರಿ. ಜೊತೆಗೆ ರಿಸೋರ್ಸ್ ಇಕ್ವೇಶನ್ ಒಂದು ಸಾಲು ಹಾಕಿ. ಪರೀಕ್ಷಕರು ಸುಮ್ಮನಾಗುತ್ತಾರೆ.

ಮಾಟುಂಗಾ_ಅಂಕಿ

ಸರ್, ಅಂಥ ನಿಯಮ ಇಲ್ಲ. ಎಷ್ಟು ಇಲಿ ಬೇಕು, ಯಾಕೆ ಬೇಕು ಅಂತ ಫಾರ್ಮ್ ಬಿ ಯಲ್ಲಿ ನಾವೇ ಕಾರಣ ಕೊಡಬೇಕು, ಸಂಸ್ಥೆಯ ಪ್ರಾಣಿ ನೈತಿಕ ಸಮಿತಿ ಐಎಇಸಿ ಅದನ್ನು ನೋಡಿ ಒಪ್ಪುತ್ತದೆ. ‘ಆರು’ ಅನ್ನುವುದು ನಮ್ಮ ಲ್ಯಾಬುಗಳ ರೂಢಿ, ಅಷ್ಟೇ. ರೂಢಿ ಅಂತ ಬರೆದರೆ ತಪ್ಪಿಲ್ಲ. ನಿಯಮ ಅಂತ ಬರೆದರೆ ಪರೀಕ್ಷಕರು ‘ಯಾವ ಪುಟ?’ ಅಂತ ಕೇಳುತ್ತಾರೆ.

ಇನ್ನು ರಿಸೋರ್ಸ್ ಇಕ್ವೇಶನ್. ಅದನ್ನು ಹಾಕುವ ಮುಂಚೆ ಲೆಕ್ಕ ಮಾಡಿ ನೋಡಿದಿರಾ? ಒಟ್ಟು ಇಲಿಗಳಿಂದ ಗುಂಪುಗಳ ಸಂಖ್ಯೆ ಕಳೆಯಬೇಕು. ಉತ್ತರ 10 ರಿಂದ 20 ರ ನಡುವೆ ಇರಬೇಕು. ಇವರದು 30 ಇಲಿ, 5 ಗುಂಪು, ಉತ್ತರ 25. ಅಂದರೆ ಆ ಸೂತ್ರದ ಪ್ರಕಾರ ಇವರು ಜಾಸ್ತಿ ಇಲಿ ಬಳಸಿದ್ದಾರೆ! ಐದು ಗುಂಪಿಗೆ ಅದು ಕೊಡುವುದು ಗುಂಪಿಗೆ 3 ರಿಂದ 5. ನಾಲ್ಕು ಅಥವಾ ಅದಕ್ಕಿಂತ ಕಡಿಮೆ ಗುಂಪು ಇದ್ದಿದ್ದರೆ ಮಾತ್ರ 6 ಸರಿಹೋಗುತ್ತಿತ್ತು. ‘ರಿಸೋರ್ಸ್ ಇಕ್ವೇಶನ್ ಪ್ರಕಾರ 6’ ಅಂತ ಐದಾರು ಗುಂಪಿನ ಥೀಸಿಸ್‌ಗಳಲ್ಲಿ ಎಷ್ಟು ಸಲ ಓದಿದ್ದೇನೋ. ಕಳೆಯುವ ಲೆಕ್ಕ ಯಾರೂ ಮಾಡಿರುವುದಿಲ್ಲ.

ಫೋಂಡಾ_ಮೇಷ್ಟ್ರು

ಸರಿ, ಅದನ್ನು ಬಿಡೋಣ. ನಿಜವಾದ ವ್ಯತ್ಯಾಸ ಹಿಡಿಯಲು ಎಷ್ಟು ಇಲಿ ಬೇಕು ಅನ್ನುವ ಪವರ್ ಲೆಕ್ಕ ಹಾಕಿಕೊಡುತ್ತೇನೆ. ತಂಗೀ, 3 ನೇ ಗಂಟೆಯ ಅಂಕಿ ಕೊಡಿ.

ಮುಠಾ_ತೀರ

ಪಾದದ ಗಾತ್ರ ಹೆಚ್ಚಾಗಿದ್ದು, ಎಂಎಲ್ ಲೆಕ್ಕದಲ್ಲಿ: ಸಿಎಂಸಿ ಗುಂಪಿನಲ್ಲಿ 0.80 ± 0.06. ಎಕ್ಸ್‌ಟ್ರಾಕ್ಟ್ 200 ರಲ್ಲಿ 0.64, 400 ರಲ್ಲಿ 0.50. ಬೇರೆ ಗುಂಪುಗಳ ಪ್ಲಸ್-ಮೈನಸ್ಸೂ ಹತ್ತಿರ ಹತ್ತಿರ ಅಷ್ಟೇ ಇದೆ.

ಫೋಂಡಾ_ಮೇಷ್ಟ್ರು

35% ಇಳಿಕೆ ಹಿಡಿಯಬೇಕು ಅಂದುಕೊಳ್ಳೋಣ, ಅಂದರೆ 0.28 ಎಂಎಲ್. ಅದನ್ನು 0.06 ರಿಂದ ಭಾಗಿಸಿದರೆ 4.7 ರ ಹತ್ತಿರ. ಭರ್ಜರಿ ಎಫೆಕ್ಟ್ ಸೈಜ್. ಗುಂಪಿಗೆ ಎರಡು ಮೂರು ಇಲಿಯೇ ಸಾಕು ಅನ್ನುತ್ತದೆ ಜಿ-ಪವರ್ ಸಾಫ್ಟ್‌ವೇರ್. ನೀವು ಆರು ಬಳಸಿದ್ದೀರಿ, ಬೇಕಾದ್ದಕ್ಕಿಂತ ಜಾಸ್ತಿಯೇ ಆಯಿತು. ಬರೆದುಕೊಳ್ಳಿ.

ಮಾಟುಂಗಾ_ಅಂಕಿ

ಒಂದು ನಿಮಿಷ. ಆ 0.06 ಇಲಿಯಿಂದ ಇಲಿಗೆ ಇರುವ ಏರುಪೇರು ತೋರಿಸುವ ಎಸ್‌ಡಿ ಯೋ, ಸರಾಸರಿಯ ಅನಿಶ್ಚಿತತೆ ತೋರಿಸುವ ಎಸ್‌ಇಎಂ ಯೋ? ಮುಠಾ ಅವರೇ, ಟೇಬಲ್ ಕೆಳಗಿನ ಸಣ್ಣ ಅಕ್ಷರ ನೋಡಿ ಹೇಳಿ.

ಮುಠಾ_ತೀರ

ಎಸ್‌ಇಎಂ. ಅಯ್ಯೋ.

ಮಾಟುಂಗಾ_ಅಂಕಿ

ಹಾಗಾದರೆ 0.06 ಅನ್ನು 6 ರ ವರ್ಗಮೂಲದಿಂದ, ಅಂದರೆ ಸುಮಾರು 2.45 ರಿಂದ, ಗುಣಿಸಬೇಕು. ಎಸ್‌ಡಿ 0.15 ಆಗುತ್ತದೆ. ಎಫೆಕ್ಟ್ ಸೈಜ್ 4.7 ಅಲ್ಲ, 1.9 ರ ಆಸುಪಾಸು. ಎಕ್ಸ್‌ಟ್ರಾಕ್ಟ್ ಪೇಪರುಗಳಿಂದ ಅಂಕಿ ಎತ್ತಿಕೊಳ್ಳುವವರೆಲ್ಲ ಇಲ್ಲೇ ಜಾರುತ್ತಾರೆ, ಮೇಷ್ಟ್ರು ಒಬ್ಬರೇ ಅಲ್ಲ. ಗುಂಪಿಗೆ ಎರಡು ಇಲಿ ಸಾಕು ಅಂತ ಉತ್ತರ ಬಂದರೆ ಮೊದಲು ಪ್ಲಸ್-ಮೈನಸ್ ಏನು ಅಂತ ನೋಡಬೇಕು.

ಆರ್ ಸಾಫ್ಟ್‌ವೇರ್ ಇದ್ದರೆ ಇದನ್ನು ಓಡಿಸಿ ನೋಡಿ:

```r
power.t.test(delta = 0.28, sd = 0.15, power = 0.80)
power.t.test(delta = 0.28, sd = 0.20, power = 0.80)
```

ಮೊದಲನೆಯದು ಐದೂವರೆ ದಾಟುತ್ತದೆ, ಅಂದರೆ 6. ಎರಡನೆಯದರಲ್ಲಿ ಎಸ್‌ಡಿ ಸ್ವಲ್ಪ ಏರಿತು ನೋಡಿ, 9-10 ಕ್ಕೆ ಹೋಗುತ್ತದೆ. ಇದು ಬರೀ ಎರಡು ಗುಂಪು ಹೋಲಿಸುವ ಲೆಕ್ಕ. ನೀವು ನಾಲ್ಕು ಗುಂಪನ್ನು ಒಂದೇ ಕಂಟ್ರೋಲಿಗೆ ಹೋಲಿಸುತ್ತೀರಿ. ಆ ತಿದ್ದುಪಡಿ ಹಾಕಿದರೆ ಎಸ್‌ಡಿ 0.15 ಇದ್ದರೂ 8-9 ಬೇಕಾಗುತ್ತದೆ.

ಮುಠಾ_ತೀರ

ಅಂದರೆ ಮೊದಲನೆಯ ಸಾಲನ್ನು ಥೀಸಿಸ್‌ಗೆ ಹಾಕಬಹುದು ಅಲ್ವಾ? 6 ಬರುತ್ತದಲ್ಲ.

ಮಾಟುಂಗಾ_ಅಂಕಿ

ಹಾಕಬಾರದು. ಆ 0.15 ಎಲ್ಲಿಂದ ಬಂತು? ನಿಮ್ಮದೇ ಪ್ರಯೋಗದ ಫಲಿತಾಂಶದಿಂದ. ಮದುವೆ ಆದಮೇಲೆ ಜಾತಕ ಕೂಡಿಸಿದ ಹಾಗೆ. ಬಂದ ಎಫೆಕ್ಟನ್ನೇ ಮತ್ತೆ ಹಾಕಿ ತೆಗೆದ ಪವರ್ ಹೊಸದೇನೂ ಹೇಳುವುದಿಲ್ಲ, ಪಿ-ಬೆಲೆಯನ್ನೇ ಬೇರೆ ವೇಷದಲ್ಲಿ ತೋರಿಸುತ್ತದೆ.

ಅರೈವ್ ಏನು ಕೇಳುತ್ತದೆ ಅಂತ ಸರಿಯಾಗಿ ಓದಿ. ಸಂಖ್ಯೆಯನ್ನು ಹೇಗೆ ನಿರ್ಧರಿಸಿದಿರಿ ಹೇಳಿ ಅನ್ನುತ್ತದೆ. ಮೊದಲೇ ಲೆಕ್ಕ ಹಾಕಿದ್ದರೆ ಅದರ ವಿವರ ಕೊಡಿ ಅನ್ನುತ್ತದೆ. ‘ಹಾಕಿದ್ದರೆ’! ಹಾಕಿಲ್ಲದವರು ಹಾಕಿಲ್ಲ ಅಂತ ಹೇಳಿದರೂ ಆ ಅಂಶ ತುಂಬಿದ ಹಾಗೇ. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ: ‘ಈ ಮಾದರಿಯಲ್ಲಿ ರೂಢಿಯಲ್ಲಿರುವಂತೆ ಗುಂಪಿಗೆ 6 ಇಲಿ ಬಳಸಲಾಯಿತು, ಐಎಇಸಿ ಒಪ್ಪಿದ ಸಂಖ್ಯೆ ಇಷ್ಟು. ಪ್ರಯೋಗಕ್ಕೆ ಮುಂಚೆ ಪವರ್ ಲೆಕ್ಕ ಮಾಡಿರಲಿಲ್ಲ.’

ಅದರ ಬದಲಿಗೆ ಫಲಿತಾಂಶದಲ್ಲಿ ವ್ಯತ್ಯಾಸದ ಕಾನ್ಫಿಡೆನ್ಸ್ ಇಂಟರ್ವಲ್ ಕೊಡಿ. 400 ಡೋಸಿನಲ್ಲಿ ವ್ಯತ್ಯಾಸ 0.30, ಇಂಟರ್ವಲ್ ಸುಮಾರು 0.11 ರಿಂದ 0.49. ಊತ ಇಳಿದಿದೆ, ಆದರೆ ಎಷ್ಟು ಅಂತ ಗಟ್ಟಿಯಾಗಿ ಗೊತ್ತಿಲ್ಲ. 200 ರಲ್ಲಿ 0.16, ಇಂಟರ್ವಲ್ ಸೊನ್ನೆಗಿಂತ ಚೂರು ಕೆಳಗಿನಿಂದ 0.35 ರವರೆಗೆ. ನಿಮ್ಮ ಚರ್ಚೆಯ ಅಧ್ಯಾಯದಲ್ಲಿ ‘200 ಡೋಸಿಗೆ ಪರಿಣಾಮ ಇಲ್ಲ’ ಅಂತ ಬರೆದಿದ್ದೀರಾ? ಬರೆದಿದ್ದರೆ ಹೊಡೆದುಹಾಕಿ. ಆರು ಇಲಿಯಲ್ಲಿ ಆ ಮಾತು ಹೇಳಲು ಆಗುವುದಿಲ್ಲ.

ಮುಠಾ_ತೀರ

ಬರೆದಿದ್ದೇನೆ. ಎರಡು ಪುಟ. 😐

ಕಾತ್ರಜ್_ಡಾಕ್ಟರ್

ನಾನು ಎಂಡಿ ಫಾರ್ಮಕಾಲಜಿ ಮಾಡುತ್ತಿದ್ದೇನೆ. ರಾಂಡಮೈಸೇಶನ್‌ಗೆ ನಾವು ನಂಬರ್ ಹಾಕಿದ ಮುಚ್ಚಿದ ಲಕೋಟೆ ಬಳಸುತ್ತೇವೆ. ರೋಗಿ ಒಪ್ಪಿಗೆಗೆ ಸಹಿ ಮಾಡಿದ ಮೇಲೆಯೇ ಲಕೋಟೆ ಒಡೆಯಬೇಕು. ಎಷ್ಟು ಜನ ಮಧ್ಯದಲ್ಲಿ ಬಿಟ್ಟುಹೋದರು ಅಂತ ಫ್ಲೋ ಚಾರ್ಟ್ ಕೊಡಿ. ರೋಗಿಗಳ ಟ್ರಯಲ್ ವರದಿ ಮಾಡುವ ಕನ್ಸಾರ್ಟ್ ಮಾರ್ಗಸೂಚಿ ಅದನ್ನು ಕೇಳುತ್ತದೆ.

ಇಲಿಮನೆ_ಅಣ್ಣ

ಡಾಕ್ಟ್ರೇ, ಇಲ್ಲಿ ಸಹಿ ಮಾಡಬೇಕಾದವರು ಇಲಿಗಳು. 😀 ಆದರೂ ನಿಮ್ಮ ಎರಡು ಮಾತು ಇಲ್ಲಿಗೂ ಬೇಕು, ಲಕೋಟೆ ಮತ್ತೆ ಬಿಟ್ಟುಹೋದವರ ಲೆಕ್ಕ. ಅದಕ್ಕೆ ಬರುತ್ತೇನೆ.

ತಂಗೀ, ನಾನು ಪುಣೆಯಲ್ಲೇ ಅನಿಮಲ್ ಹೌಸ್ ನೋಡಿಕೊಳ್ಳುವವನು. ಪೇಪರ್ ಬರೆಯುವ ಪೈಕಿ ಅಲ್ಲ. ನನಗೆ ನಾಲ್ಕು ವಿಷಯ ಹೇಳಿ. ಇಲಿಗಳನ್ನು ಗುಂಪಿಗೆ ಹಾಕಿದ್ದು ಹೇಗೆ, ಕೈಯಿಂದ ಏನೇನು ಮಾಡಿದಿರಿ? ಕೇಜ್ ಹೇಗಿದ್ದವು? ಐದೂ ಗುಂಪು ಒಂದೇ ದಿನ ಮಾಡಿದಿರಾ? ಪಾದ ಅದ್ದಿದ್ದು ಯಾರು?

ಮುಠಾ_ತೀರ

ಅಣ್ಣಾ, ಇದ್ದದ್ದು ಇದ್ದಹಾಗೆ ಹೇಳುತ್ತೇನೆ.

ಬಂದ ಇಲಿಗಳು ದೊಡ್ಡ ಕೇಜ್‌ಗಳಲ್ಲಿ ಇದ್ದವು. ಕೈ ಹಾಕಿ ಸಿಕ್ಕಿದ್ದನ್ನು ತೆಗೆದು ಮೊದಲ ಆರು ಗುಂಪು ಒಂದಕ್ಕೆ, ಮುಂದಿನ ಆರು ಎರಡಕ್ಕೆ, ಹೀಗೆ ಹಾಕಿದೆ. ಗುಂಪಿಗೆ ಎರಡು ಕೇಜ್, ಕೇಜ್‌ಗೆ ಮೂರು. ಕಾರ್ಡಿನ ಮೇಲೆ ಗುಂಪಿನ ಹೆಸರು, ಡೋಸ್. ಇಲಿಗಳಿಗೆ ಪಿಕ್ರಿಕ್ ಆಸಿಡ್ ಗುರುತು, ತಲೆ, ಬೆನ್ನು, ಬಾಲ.

ಒಂದೇ ದಿನ 30 ಆಗಲಿಲ್ಲ. ಶನಿವಾರ ಸಿಎಂಸಿ, ಇಂಡೊಮೆಥಾಸಿನ್, 100. ಸೋಮವಾರ 200 ಮತ್ತು 400. ಸೋಮವಾರ 400 ರ ಒಂದು ಇಲಿ ಗವಾಜ್ ಮಾಡುವಾಗ, ಅಂದರೆ ಕೊಳವೆಯಿಂದ ಹೊಟ್ಟೆಗೆ ಔಷಧಿ ಹಾಕುವಾಗ, ಸತ್ತಿತು, ಔಷಧಿ ಶ್ವಾಸನಾಳಕ್ಕೆ ಹೋಯಿತು ಅನಿಸುತ್ತದೆ. ಒಂಬತ್ತು ದಿನ ಬಿಟ್ಟು ಇನ್ನೊಂದು ಇಲಿ ಹಾಕಿ ಆರು ಮಾಡಿದೆ. ಥೀಸಿಸ್‌ನಲ್ಲಿ ಅದು ಇಲ್ಲ.

ಪಾದ ಅದ್ದಿದ್ದು, ರೀಡಿಂಗ್ ಬರೆದಿದ್ದು ಎರಡೂ ನಾನೇ.

ಇಲಿಮನೆ_ಅಣ್ಣ

ಇಷ್ಟು ನೇರವಾಗಿ ಹೇಳಿದ್ದು ಒಳ್ಳೆಯದಾಯಿತು.

ಕೈ ಹಾಕಿ ಸಿಕ್ಕಿದ್ದನ್ನು ತೆಗೆಯುವುದು ರಾಂಡಮ್ ಅಲ್ಲ. ಮೊದಲು ಕೈಗೆ ಸಿಗುವುದು ಯಾವ ಇಲಿ? ಸಾಧು ಇಲಿ, ಮಂದ ಇಲಿ, ಕೆಲವು ಸಲ ಹುಷಾರಿಲ್ಲದ ಇಲಿ. ಚುರುಕಾದವು ಮೂಲೆಗೆ ಓಡುತ್ತವೆ, ಕೊನೆಗೆ ಸಿಗುತ್ತವೆ. ನಿಮ್ಮ ಲೆಕ್ಕದಲ್ಲಿ ಸಾಧುಗಳೆಲ್ಲ ಕಂಟ್ರೋಲ್, ಪುಂಡರೆಲ್ಲ 400. ಗುಂಪುವಾರು ತೂಕದ ಪಟ್ಟಿ ಇದ್ದರೆ ತೆಗೆದು ನೋಡಿ. ಏರುಪೇರು ಅಲ್ಲೇ ಕಾಣಬಹುದು. ಕಾಣದಿದ್ದರೂ ರಾಂಡಮ್ ಆಯಿತು ಅಂತಲ್ಲ.

ಆದರೆ ನನಗೆ ಅದಕ್ಕಿಂತ ಜಾಸ್ತಿ ಚುಚ್ಚಿದ್ದು ಶನಿವಾರ-ಸೋಮವಾರ. ನಿಮ್ಮ 200 ಮತ್ತು 400 ಕ್ಕೆ ಅದೇ ದಿನದ ಕಂಟ್ರೋಲ್ ಇಲ್ಲ. ಔಷಧಿಯ ವ್ಯತ್ಯಾಸವೋ ದಿನದ ವ್ಯತ್ಯಾಸವೋ ಬೇರೆ ಮಾಡಲು ಆಗುವುದೇ ಇಲ್ಲ. ಯಾವ ತಿಂಗಳು?

ಮುಠಾ_ತೀರ

ಆಗಸ್ಟ್.

ಇಲಿಮನೆ_ಅಣ್ಣ

ಆಗಸ್ಟ್ ಶನಿವಾರ, ಪುಣೆ, ನದಿ ದಂಡೆ ಹತ್ತಿರದ ಅನಿಮಲ್ ಹೌಸ್. ಗಣಪತಿಗೆ ಢೋಲ್-ತಾಶಾ ಪ್ರಾಕ್ಟೀಸ್! ಅಳತೆ ಎಷ್ಟು ಗಂಟೆಗೆ ಮುಗಿಯಿತು?

ಮುಠಾ_ತೀರ

ತಡವಾಗಿ ಶುರು ಮಾಡಿದ್ದೆ. ಸಂಜೆ ಏಳಾಯಿತು. ಢೋಲ್ ಇತ್ತು ಅಣ್ಣಾ. ಕಿಟಕಿ ಅದುರುತ್ತಿತ್ತು.

ಹಡಪ್ಸರ್_ಹುಡುಗ

ಹಾಗಾದರೆ ಒಳ್ಳೆಯದೇ ಅಲ್ವಾ? ಗಲಾಟೆಗೆ ಇಲಿ ಹೆದರುತ್ತದೆ, ಕಾರ್ಟಿಕೊಸ್ಟೆರೋನ್ ಏರುತ್ತದೆ, ಅದು ಊತ ಇಳಿಸುತ್ತದೆ. ಢೋಲ್ ದಿನ ಕಂಟ್ರೋಲಿನಲ್ಲೇ ಊತ ಕಡಿಮೆ ಬಂದಿರಬೇಕು. ಅಷ್ಟಾದರೂ 400 ಗೆದ್ದಿದೆ. ನಿಜವಾದ ಪರಿಣಾಮ ಇನ್ನೂ ದೊಡ್ಡದು ಅಂತ ಬರೆಯಬಹುದು.

ಮಾಟುಂಗಾ_ಅಂಕಿ

ಬರೆಯಬಾರದು. ನಿಮ್ಮ ಊಹೆಗೆ ಜೀವಶಾಸ್ತ್ರದ ಆಧಾರ ಇದೆ, ಒಪ್ಪುತ್ತೇನೆ. ಆದರೆ ಆ ಎರಡು ದಿನಗಳ ನಡುವೆ ಢೋಲ್ ಒಂದೇ ಬದಲಾಗಿದ್ದಾ? ಕ್ಯಾರಾಜೀನನ್ ಹೊಸದಾಗಿ ಕಲಸಿದ್ದರೆ ಅದೂ ಬೇರೆ. ಇಂಜೆಕ್ಷನ್ ಕೈ ಸೋಮವಾರಕ್ಕೆ ಪಳಗಿರುತ್ತದೆ. ನಮಗೆ ಬೇಕಾದ ದಿಕ್ಕಿಗೆ ಕತೆ ಕಟ್ಟುವುದು ಸುಲಭ.

ಅರೈವ್‌ನಲ್ಲಿ ರಾಂಡಮೈಸೇಶನ್ ಅಂಶಕ್ಕೆ ಎರಡು ಭಾಗ ಇವೆ. ಹಂಚಿದ್ದು ಹೇಗೆ ಅನ್ನುವುದು ಒಂದು. ಔಷಧಿ ಕೊಟ್ಟ ಕ್ರಮ, ಅಳೆದ ಕ್ರಮ, ಕೇಜ್ ಇಟ್ಟ ಜಾಗ, ಇವುಗಳ ಪ್ರಭಾವ ತಡೆಯಲು ಏನು ಮಾಡಿದಿರಿ ಅನ್ನುವುದು ಇನ್ನೊಂದು. ಏನೂ ಮಾಡಿಲ್ಲದಿದ್ದರೆ ಹಾಗಂತ ಬಾಯಿಬಿಟ್ಟು ಹೇಳಿ ಅಂತಲೂ ಅಲ್ಲೇ ಇದೆ. ಎಲ್ಲರೂ ಮೊದಲನೆಯದನ್ನು ಬರೆದು ಕೈ ತೊಳೆದುಕೊಳ್ಳುತ್ತಾರೆ.

ಮುಠಾ_ತೀರ

ನಾನು ಮತ್ತೆ ಮೊದಲಿನಿಂದ ಮಾಡುವುದಾದರೆ ಹೇಗೆ ಮಾಡಬೇಕಿತ್ತು?

ಮಾಟುಂಗಾ_ಅಂಕಿ

30 ಇಲಿಗಳನ್ನು ತೂಕದ ಪ್ರಕಾರ ಸಾಲಾಗಿ ನಿಲ್ಲಿಸಿ, ಅಂದರೆ ಪಟ್ಟಿಯಲ್ಲಿ. ಹಗುರವಾದ ಐದು ಒಂದು ಬ್ಲಾಕ್, ಮುಂದಿನ ಐದು ಎರಡನೇ ಬ್ಲಾಕ್, ಹೀಗೆ ಆರು ಬ್ಲಾಕ್. ಪ್ರತಿ ಬ್ಲಾಕಿನೊಳಗೆ ಐದು ಗುಂಪುಗಳನ್ನು ಚೀಟಿ ಎತ್ತಿದಂತೆ ಹಂಚಬೇಕು:

```r
set.seed(4711)
ili <- ili[order(ili$tooka), ]
ili$block <- rep(1:6, each = 5)
ili$group <- unlist(lapply(1:6,
               function(i) sample(LETTERS[1:5])))
```

ಆಮೇಲೆ ಶನಿವಾರ ಮೂರು ಬ್ಲಾಕ್, ಸೋಮವಾರ ಮೂರು ಬ್ಲಾಕ್ ಮಾಡಿ. ಎರಡೂ ದಿನ ಐದೂ ಗುಂಪು ಇರುತ್ತವೆ. ಢೋಲ್ ಬಡಿದರೆ ಎಲ್ಲರ ಕಿವಿಗೂ ಬಡಿಯುತ್ತದೆ. ಬ್ಲಾಕ್ ಮಾಡಿದಮೇಲೆ ಅನಾಲಿಸಿಸ್‌ನಲ್ಲೂ ಬ್ಲಾಕ್ ಸೇರಿಸಬೇಕು, ಅದನ್ನು ಮರೆಯುವವರು ಇದ್ದಾರೆ. ಯಾವ ದಿನ ಯಾವ ಬ್ಲಾಕ್ ಅನ್ನುವುದನ್ನೂ ಚೀಟಿ ಎತ್ತಿಯೇ ನಿರ್ಧರಿಸಿ, ಇಲ್ಲದಿದ್ದರೆ ಹಗುರವಾದವು ಒಂದು ದಿನ, ಭಾರವಾದವು ಒಂದು ದಿನ ಆಗುತ್ತವೆ.

ಹಡಪ್ಸರ್_ಹುಡುಗ

ಇದಕ್ಕೆ ಆರ್ ಯಾಕೆ ಸರ್, ಎಕ್ಸೆಲ್‌ನಲ್ಲಿ `RAND()` ಸಾಕು. ಆದರೆ ನನ್ನ ಗತಿ ಕೇಳಿ. `RAND()` ಹಾಕಿ ವಿಂಗಡಿಸಿದೆ, ಸೇವ್ ಮಾಡಿದೆ. ಮಾರನೇ ದಿನ ಫೈಲ್ ತೆಗೆದರೆ ನಂಬರುಗಳೆಲ್ಲ ಬದಲು! ಅದು ಪ್ರತಿ ಸಲ ಹೊಸದಾಗಿ ಲೆಕ್ಕ ಹಾಕುತ್ತದೆ ಅಂತ ಗೊತ್ತಿರಲಿಲ್ಲ. ನಂಬರ್ ಬಂದ ತಕ್ಷಣ ಕಾಪಿ ಮಾಡಿ ವ್ಯಾಲ್ಯೂ ಆಗಿ ಅಂಟಿಸಬೇಕಂತೆ. ವೈವಾದಲ್ಲಿ ‘ನಿಮ್ಮ ರಾಂಡಮ್ ಪಟ್ಟಿ ತೋರಿಸಿ’ ಅಂದರು, ನನ್ನ ಹತ್ತಿರ ಇದ್ದದ್ದು ಬೇರೆಯದೇ ಪಟ್ಟಿ.

ಇನ್ನೊಂದು ಕೇಳಬೇಕಿತ್ತು. ನನ್ನದು ಸ್ಟ್ರೆಪ್ಟೊಜೊಟೊಸಿನ್ ಡಯಾಬಿಟಿಸ್ ಮಾದರಿ. ಮೊದಲೇ ಗುಂಪು ಮಾಡಿ ಇಂಜೆಕ್ಷನ್ ಕೊಟ್ಟೆ. ಕೆಲವು ಸತ್ತವು, ಕೆಲವಕ್ಕೆ ಸಕ್ಕರೆ ಏರಲೇ ಇಲ್ಲ. ಒಂದು ಗುಂಪಿನಲ್ಲಿ ಎಂಟು, ಇನ್ನೊಂದರಲ್ಲಿ ನಾಲ್ಕು ಉಳಿದವು.

ಇಲಿಮನೆ_ಅಣ್ಣ

ತಮ್ಮಾ, ನಿನ್ನದರಲ್ಲಿ ರಾಂಡಮ್ ಮಾಡುವ ಹೊತ್ತು ತಪ್ಪಿದೆ. ಎಲ್ಲಕ್ಕೂ ಇಂಜೆಕ್ಷನ್ ಕೊಡು, ಸಕ್ಕರೆ ನೋಡು, ಮೊದಲೇ ಬರೆದಿಟ್ಟ ಮಿತಿ ದಾಟಿದವನ್ನು ಮಾತ್ರ ಆಮೇಲೆ ಗುಂಪಿಗೆ ಹಂಚು. ಡಾಕ್ಟ್ರು ಹೇಳಿದರಲ್ಲ, ಸಹಿ ಆದಮೇಲೆ ಲಕೋಟೆ ಅಂತ. ಇಲಿಗೆ ಸಕ್ಕರೆ ಏರಿದ್ದೇ ಸಹಿ.

ಸತ್ತವೆಷ್ಟು, ಏರದವೆಷ್ಟು ಅನ್ನುವುದು ಥೀಸಿಸ್‌ನಲ್ಲಿ ಇರಬೇಕು. ತಂಗಿಯ 31 ನೇ ಇಲಿಯ ಹಾಗೆ. ಅನಿಮಲ್ ಹೌಸ್ ರಿಜಿಸ್ಟರಿನಲ್ಲಿ 31 ಹೊರಗೆ ಹೋಗಿರುತ್ತದೆ, ಥೀಸಿಸ್‌ನಲ್ಲಿ 30. ಯಾರಾದರೂ ಎರಡನ್ನೂ ಪಕ್ಕ ಇಟ್ಟು ನೋಡಿದರೆ ಅಲ್ಲೇ ಸಿಕ್ಕಿಬೀಳುತ್ತದೆ.

ಮುಠಾ_ತೀರ

ಅದನ್ನು ಬರೆಯುತ್ತೇನೆ. ಆದರೆ ಆ ಬದಲಿ ಇಲಿಯ ಅಂಕಿ ಇಟ್ಟುಕೊಳ್ಳಲೋ ತೆಗೆಯಲೋ?

ಮಾಟುಂಗಾ_ಅಂಕಿ

ಎರಡೂ ರೀತಿ ಲೆಕ್ಕ ಮಾಡಿ, ಎರಡನ್ನೂ ತೋರಿಸಿ. ಒಂದು ಆರು ಇಲಿಯದ್ದು, ಇನ್ನೊಂದು ಐದರದ್ದು. ತೀರ್ಮಾನ ಬದಲಾಗದಿದ್ದರೆ ಸಮಾಧಾನ. ಬದಲಾದರೆ ಅದೇ ಓದುಗರಿಗೆ ಗೊತ್ತಾಗಬೇಕಾದ ವಿಷಯ. ಟೇಬಲ್ ತಲೆಯಲ್ಲಿ ‘n=6’ ಅಂತ ಒಂದೇ ಸಲ ಬರೆಯಬೇಡಿ, ಪ್ರತಿ ಗುಂಪಿನ ಕೆಳಗೂ ಅದರ ಸಂಖ್ಯೆ ಬರೆಯಿರಿ.

ಫೋಂಡಾ_ಮೇಷ್ಟ್ರು

ಎಸ್‌ಇಎಂ ವಿಷಯದಲ್ಲಿ ನನ್ನದು ತಪ್ಪಾಯಿತು, ಒಪ್ಪಿದೆ. ಆದರೆ ಬ್ಲೈಂಡಿಂಗ್ ವಿಷಯದಲ್ಲಿ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಎಕ್ಸ್‌ಟ್ರಾಕ್ಟ್ ಕಡುಹಸಿರು, ಸಿಎಂಸಿ ಗೆ ಬಣ್ಣವೇ ಇಲ್ಲ. ಕುರುಡನಿಗೂ ಗೊತ್ತಾಗುತ್ತದೆ ಯಾವುದು ಯಾವುದು ಅಂತ. ಇಂಥ ಕೆಲಸದಲ್ಲಿ ಬ್ಲೈಂಡಿಂಗ್ ಸಾಧ್ಯವೇ ಇಲ್ಲ ಅಂತ ಬರೆದರೆ ಮುಗಿಯಿತು. ಪ್ಲೆಥಿಸ್ಮೋಮೀಟರ್ ಯಂತ್ರ, ಅದು ಯಾರ ಪಕ್ಷವನ್ನೂ ವಹಿಸುವುದಿಲ್ಲ.

ಇಲಿಮನೆ_ಅಣ್ಣ

ಮೇಷ್ಟ್ರೇ, ಯಂತ್ರ ಪಕ್ಷ ವಹಿಸುವುದಿಲ್ಲ. ಅದ್ದುವ ಕೈ ವಹಿಸುತ್ತದೆ. ಇಲಿ ಕಾಲು ಎಳೆದುಕೊಳ್ಳುತ್ತದೆ, ಒದ್ದಾಡುತ್ತದೆ. ಕಣಕಾಲಿನ ಗುರುತಿಗಿಂತ ಒಂದೆರಡು ಮಿಲಿಮೀಟರ್ ಮೇಲೋ ಕೆಳಗೋ ಅದ್ದಿದರೆ ರೀಡಿಂಗ್ ಬದಲಾಗುತ್ತದೆ. ಯಾವ ರೀಡಿಂಗ್ ಇಟ್ಟುಕೊಳ್ಳಬೇಕು, ಯಾವುದಕ್ಕೆ ‘ಇನ್ನೊಂದು ಸಲ ಅದ್ದೋಣ’ ಅನ್ನಬೇಕು, ಅದನ್ನು ಕೈ ನಿರ್ಧರಿಸುತ್ತದೆ. ಕಂಟ್ರೋಲ್ ಇಲಿಯ ಊತ ಕಡಿಮೆ ಬಂದರೆ ಮತ್ತೆ ಅದ್ದುತ್ತಾರೆ, 400 ರ ಇಲಿಗೆ ಕಡಿಮೆ ಬಂದರೆ ಬರೆದುಕೊಳ್ಳುತ್ತಾರೆ. ನಾನು ಕಣ್ಣಾರೆ ನೋಡಿದ್ದೇನೆ. ಮೋಸ ಮಾಡುತ್ತಿದ್ದೇನೆ ಅಂತ ಅವರಿಗೇ ಗೊತ್ತಿರುವುದಿಲ್ಲ.

ಹಸಿರು ಬಣ್ಣ ಕಾಣುವುದು ಗವಾಜ್ ಮಾಡುವವರಿಗೆ. ಅಳೆಯುವವರು ಬೇರೆಯವರಾದರೆ ಅವರಿಗೆ ಬಣ್ಣ ಯಾಕೆ ಕಾಣಬೇಕು? ಕೇಜ್ ಕಾರ್ಡಿನ ಮೇಲೆ ಬರೀ ನಂಬರ್. ಪಿಕ್ರಿಕ್ ಗುರುತಿನ ಬದಲು ಬಾಲದ ಮೇಲೆ 1 ರಿಂದ 30 ಪೆನ್ನಿನಲ್ಲಿ. ಒಬ್ಬರು ಇಲಿ ತಂದುಕೊಡಬೇಕು, ಇನ್ನೊಬ್ಬರು ಅದ್ದಬೇಕು. ಯಾವ ನಂಬರ್ ಯಾವ ಗುಂಪು ಅನ್ನುವ ಚೀಟಿ ಮೂರನೆಯವರ ಬೀರುವಿನಲ್ಲಿ. ಬಾಯಿ ಸುತ್ತ ಹಸಿರು ಮೆತ್ತಿಕೊಂಡರೆ ಒರೆಸಿ ಕಳಿಸಬೇಕು, ಇಲ್ಲದಿದ್ದರೆ ಗುಟ್ಟು ರಟ್ಟು.

ಮಾಟುಂಗಾ_ಅಂಕಿ

ಅರೈವ್ ಕೇಳುವುದೂ ಅದನ್ನೇ. ‘ಬ್ಲೈಂಡಿಂಗ್ ಇತ್ತಾ, ಹೌದು-ಇಲ್ಲ’ ಅಂತ ಅಲ್ಲ. ಹಂಚುವಾಗ, ಪ್ರಯೋಗ ನಡೆಸುವಾಗ, ಅಳೆಯುವಾಗ, ಅನಾಲಿಸಿಸ್ ಮಾಡುವಾಗ ಯಾರಿಗೆ ಗುಂಪು ಗೊತ್ತಿತ್ತು ಅಂತ ಒಂದೊಂದು ಹಂತಕ್ಕೂ ಹೇಳಬೇಕು. ಮುಠಾ ಅವರ ಉತ್ತರ: ನಾಲ್ಕೂ ಹಂತದಲ್ಲಿ ನನಗೇ ಗೊತ್ತಿತ್ತು. ಒಂದು ಸಾಲು. ಓದಲು ಕಹಿ, ಆದರೆ ಸರಿ.

ಮುಠಾ_ತೀರ

ಈಗ ಟೇಬಲ್‌ನಲ್ಲಿ ಗುಂಪುಗಳನ್ನು ಎ, ಬಿ, ಸಿ ಮಾಡಿ ಬೇರೆಯವರ ಕೈಯಲ್ಲಿ ಅನಾಲಿಸಿಸ್ ಮಾಡಿಸಿದರೆ?

ಮಾಟುಂಗಾ_ಅಂಕಿ

0.80 ಯಾವ ಗುಂಪಿನದು ಅಂತ ಈ ಥ್ರೆಡ್ ಓದಿದವರಿಗೆಲ್ಲ ಗೊತ್ತು. ಬೇಡ.

ಇಲಿಮನೆ_ಅಣ್ಣ

ತಂಗೀ, ಪಾದದ ಅಂಗಾಂಶ ತೆಗೆದಿದ್ದಿರಾ? ಸ್ಲೈಡ್ ಇವೆಯಾ?

ಮುಠಾ_ತೀರ

ಇವೆ ಅಣ್ಣಾ. 30 ಸ್ಲೈಡ್. ಊತ, ಕೋಶಗಳ ಒಳನುಗ್ಗುವಿಕೆಗೆ 0 ಯಿಂದ 3 ಸ್ಕೋರ್ ಕೊಟ್ಟಿದ್ದೇನೆ. ನಾನೇ, ಗುಂಪು ನೋಡಿಕೊಂಡೇ.

ಇಲಿಮನೆ_ಅಣ್ಣ

ಹಾಗಾದರೆ ಅಷ್ಟನ್ನು ಉಳಿಸಬಹುದು. ಗಾಜಿನ ತುದಿಯಲ್ಲಿ ಪೆನ್ಸಿಲ್‌ನಲ್ಲಿ ಗುಂಪು ಬರೆದಿರುತ್ತೀರಿ, ಅದರ ಮೇಲೆ ಕಾಗದದ ಚೀಟಿ ಅಂಟಿಸಿ ಹೊಸ ನಂಬರ್ ಹಾಕಿಸಿ. ನೀವು ಹಾಕಬೇಡಿ, ಟೆಕ್ನಿಶಿಯನ್ ಹಾಕಲಿ, ಪಟ್ಟಿ ಅವರ ಹತ್ತಿರವೇ ಇರಲಿ. ಈ ಪ್ರಯೋಗದ ಗಂಧಗಾಳಿ ಇಲ್ಲದ ಪೆಥಾಲಜಿಯವರು ಯಾರಾದರೂ ಓದಲಿ. ಸ್ಕೋರ್ ಎಲ್ಲ ಬರೆದು ಸಹಿ ಮಾಡಿ ಕೊಟ್ಟಮೇಲೆ ಪಟ್ಟಿ ತೆಗೆಯಿರಿ.

ಮಾಟುಂಗಾ_ಅಂಕಿ

ಒಳ್ಳೆಯ ದಾರಿ. ಆರು ಸ್ಲೈಡುಗಳನ್ನು ಬೇರೆ ನಂಬರ್ ಹಾಕಿ ಎರಡನೇ ಸಲವೂ ಕೊಡಿ, ಓದುವವರಿಗೆ ಹೇಳದೆ. ಒಂದೇ ಸ್ಲೈಡಿಗೆ ಒಮ್ಮೆ 1, ಒಮ್ಮೆ 3 ಬಂದರೆ ಆ ಸ್ಕೋರ್ ಎಷ್ಟು ನಂಬಬಹುದು ಅಂತ ಗೊತ್ತಾಗುತ್ತದೆ. ಹಳೆಯ ಸ್ಕೋರನ್ನು ಮುಚ್ಚಿಡಬೇಡಿ, ಹೊಸದರ ಪಕ್ಕದಲ್ಲಿ ಇಡಿ. ಒಂದು ನೆನಪಿರಲಿ: ಇದರಿಂದ ಓದುವ ಕಣ್ಣಿನ ಪಕ್ಷಪಾತ ಹೋಗುತ್ತದೆ, ಶನಿವಾರ-ಸೋಮವಾರದ ಗಂಟು ಹಾಗೇ ಇರುತ್ತದೆ.

ಫೋಂಡಾ_ಮೇಷ್ಟ್ರು

ಆ ಗಂಟು ಬಿಡಿಸಲು ಒಂದೇ ದಾರಿ, ಸಣ್ಣದಾಗಿ ಮತ್ತೆ ಮಾಡುವುದು. ಕಂಟ್ರೋಲ್ ಮತ್ತು 400, ಎರಡೇ ಗುಂಪು, ಒಂದೇ ದಿನ. ಐಎಇಸಿ ಗೆ ತಿದ್ದುಪಡಿ ಅರ್ಜಿ ಹಾಕಿ ಒಪ್ಪಿಗೆ ಪಡೆದರೆ ಆಯಿತು.

ಇಲಿಮನೆ_ಅಣ್ಣ

ನನಗೆ ಇದು ಅಷ್ಟು ಸುಲಭಕ್ಕೆ ಒಪ್ಪಿಗೆ ಇಲ್ಲ. ಥೀಸಿಸ್ ಚಂದ ಕಾಣಲಿ ಅಂತ ಇನ್ನೂ ಹನ್ನೆರಡು ಇಲಿನಾ? ಮಿತಿ ಬರೆದು ಬಿಟ್ಟರೆ ಸಾಲದೇ?

ಮಾಟುಂಗಾ_ಅಂಕಿ

ಉಲ್ಟಾ ಕೂಡ ಕೇಳಬಹುದು ಅಣ್ಣಾ. ಕಂಟ್ರೋಲ್ ಸರಿಯಿಲ್ಲದ ಕಾರಣಕ್ಕೆ 31 ಇಲಿಗಳಿಂದ ಏನೂ ಗೊತ್ತಾಗದೆ ಹೋದರೆ ಅದೂ ವ್ಯರ್ಥವೇ. ಆದರೆ ಮಾಡುವುದಾದರೆ ಹನ್ನೆರಡು ಅಂತ ಕಣ್ಣು ಮುಚ್ಚಿ ಹೇಳಬೇಡಿ. ಈಗ 0.15 ಕೈಯಲ್ಲಿದೆ, ಮುಂದಿನ ಪ್ರಯೋಗಕ್ಕೆ ಅದನ್ನು ಬಳಸುವುದು ನ್ಯಾಯವೇ. ಎರಡೇ ಗುಂಪು, ಹಾಗಾಗಿ ಮೇಲಿನ ಆ ಎರಡು ಸಾಲು ಇಲ್ಲಿ ಸರಿಹೊಂದುತ್ತದೆ. ಎಸ್‌ಡಿ 0.15 ಅಂದರೆ 6, 0.20 ಅಂದರೆ 9-10. ಆರು ಇಲಿಯಿಂದ ಬಂದ ಎಸ್‌ಡಿ ತಾನೇ ಅಲ್ಲಾಡುವ ಅಂಕಿ, ನಾನಾದರೆ ದೊಡ್ಡದನ್ನೇ ಹಿಡಿಯುತ್ತೇನೆ.

ಇಲಿಮನೆ_ಅಣ್ಣ

ನೋಡಿ, ಹನ್ನೆರಡು ಹೋಗಿ ಇಪ್ಪತ್ತಾಯಿತು.

ಕಾತ್ರಜ್_ಡಾಕ್ಟರ್

ಕ್ಷಮಿಸಿ, ಮೊದಲು ಸರಿಯಾಗಿ ಓದಿರಲಿಲ್ಲ. ನಮ್ಮ ವಿಭಾಗದಲ್ಲೂ ಇಲಿ ಕೆಲಸ ನಡೆಯುತ್ತದೆ. ಇಲ್ಲಿ ಹೇಳಿದ ಯಾವುದೂ ನಮ್ಮಲ್ಲಿ ನಡೆಯುವುದಿಲ್ಲ ಅಂತ ಈಗ ತಿಳಿಯಿತು. ಪ್ಲೆಥಿಸ್ಮೋಮೀಟರ್ ಹತ್ತಿರ ಗುಂಪಿನ ಪಟ್ಟಿ ಗೋಡೆಗೇ ಅಂಟಿಸಿದ್ದಾರೆ.

ಮುಠಾ_ತೀರ

ಎರಡು ವಾರದ ನಂತರ ಬರುತ್ತಿದ್ದೇನೆ. ರಾಂಡಮೈಸೇಶನ್ ಭಾಗವನ್ನು ಹೀಗೆ ತಿದ್ದಿದೆ, ಕನ್ನಡದಲ್ಲಿ ಹೇಳುವುದಾದರೆ: ‘ರಾಂಡಮ್ ಕ್ರಮ ಬಳಸಿರಲಿಲ್ಲ. ಕೇಜ್‌ನಿಂದ ತೆಗೆದ ಕ್ರಮದಲ್ಲೇ ಇಲಿಗಳನ್ನು ಗುಂಪಿಗೆ ಸೇರಿಸಲಾಯಿತು. ಗುಂಪು 1 ರಿಂದ 3 ಒಂದು ದಿನ, 4 ಮತ್ತು 5 ಇನ್ನೊಂದು ದಿನ ನಡೆದವು, ಆದ್ದರಿಂದ ದಿನದ ಪ್ರಭಾವವನ್ನು ಡೋಸಿನ ಪ್ರಭಾವದಿಂದ ಬೇರ್ಪಡಿಸಲಾಗದು. ಮೊದಲ ದಿನ ಸಂಜೆ ಹೊರಗಿನ ಗದ್ದಲ ಇತ್ತು.’ ಗೈಡ್ ಓದಿ ಹತ್ತು ನಿಮಿಷ ಮಾತಾಡಲಿಲ್ಲ. ಆಮೇಲೆ ‘ಗದ್ದಲ ಅನ್ನುವುದನ್ನು ತೆಗಿ’ ಅಂದರು. ನಾನು ತೆಗೆದಿಲ್ಲ ಇನ್ನೂ.

31 ನೇ ಇಲಿ ಸೇರಿಸಿದೆ. ಐದು ಇಲಿಯ ಲೆಕ್ಕದಲ್ಲಿ 400 ಉಳಿಯಿತು, ಇಂಟರ್ವಲ್ ಇನ್ನಷ್ಟು ಅಗಲವಾಯಿತು. 200 ರ ಎರಡು ಪುಟ ಅರ್ಧ ಪುಟವಾಗಿದೆ.

ಮತ್ತೆ ಪ್ರಯೋಗ ಮಾಡುವ ವಿಷಯ ಪರೀಕ್ಷಕರಿಗೇ ಪತ್ರ ಬರೆದು ಕೇಳಿದ್ದೇನೆ, ಉತ್ತರ ಬಂದಿಲ್ಲ. ಸ್ಲೈಡುಗಳಿಗೆ ಟೆಕ್ನಿಶಿಯನ್ ಕಾಕಾ ಚೀಟಿ ಅಂಟಿಸಿ ಪಟ್ಟಿಯನ್ನು ತಮ್ಮ ಡಬ್ಬಿ ಚೀಲದಲ್ಲಿ ಇಟ್ಟುಕೊಂಡಿದ್ದಾರೆ. ಪೆಥಾಲಜಿ ಮೇಡಂ ಗುರುವಾರದಿಂದ ಓದುತ್ತಾರೆ.

ಇಲಿಮನೆ_ಅಣ್ಣ

ಡಬ್ಬಿ ಚೀಲದಲ್ಲಾ! ಆ ಪಟ್ಟಿಯ ಒಂದು ನಕಲು ಲಕೋಟೆಯಲ್ಲಿ ಹಾಕಿ ಬೀರುವಿನಲ್ಲಿ ಇಡಿಸಿ ತಂಗೀ, ಸಾರು ಚೆಲ್ಲುವ ಮುಂಚೆ.